ಪತ್ರಿಕೆಯ ಪುಟದಿಂದ ಎರಡೂವರೆ ನಿಮಿಷಕ್ಕೆ

ನಾವು ಮೂವರು. ಒಬ್ಬರ ಮನೆ ಕುಂದಾಪುರ, ಒಬ್ಬರದ್ದು ಬೈಂದೂರು, ಇನ್ನೊಬ್ಬರದ್ದು ಬ್ರಹ್ಮಾವರ. ಪತ್ರಿಕೋದ್ಯಮ ಓದಿ ಮುಗಿಸಿದ ವರ್ಷ ಮೂವರೂ ಸೇರಿ ಒಂದು ದೊಡ್ಡ ಲೇಖನ ಬರೆದಿದ್ದೆವು. ಬೇಸಿಗೆಯಲ್ಲಿ ನಮ್ಮ ನದಿಗಳೊಳಗೆ ನುಗ್ಗುವ ಉಪ್ಪುನೀರು, ಅದನ್ನು ತಡೆಯುವ ಕಿಂಡಿ ಅಣೆಕಟ್ಟು, ಹಾಳಾಗುವ ಬಾವಿ ಮತ್ತು ಸುಗ್ಗಿ ಬೆಳೆ ಅದರ ವಿಷಯ. ಸುಮಾರು 1,800 ಪದ ಇತ್ತು. ಒಂದು ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂತು.

ಅದನ್ನು ಓದಿದ ಒಂದು ಸ್ಥಳೀಯ ವಾಹಿನಿಯವರು ಫೋನ್ ಮಾಡಿದರು. "ಲೇಖನ ಚೆನ್ನಾಗಿದೆ. ಇದನ್ನೇ ಎರಡೂವರೆ ನಿಮಿಷದ ಪ್ಯಾಕೇಜ್ ಮಾಡಿ ಕೊಡ್ತೀರಾ?" ಅಂದರು. ಪ್ಯಾಕೇಜ್ ಅಂದರೆ ನೀವು ದಿನಾ ಟಿವಿಯಲ್ಲಿ ನೋಡುವುದೇ. ಮೊದಲು ಆಂಕರ್ ನಾಲ್ಕು ವಾಕ್ಯ ಹೇಳುತ್ತಾರೆ. ಆಮೇಲೆ ದೃಶ್ಯದ ಮೇಲೆ ವರದಿಗಾರರ ಧ್ವನಿ ಬರುತ್ತದೆ, ಅದಕ್ಕೆ ವಾಯ್ಸ್ ಓವರ್ ಅಥವಾ ವಿಓ ಅನ್ನುತ್ತಾರೆ. ನಡುನಡುವೆ ಜನ ಮಾತಾಡುವುದು ಬೈಟ್.

ಎಲ್ಲಾ ಮಾಹಿತಿ ಕೈಯಲ್ಲಿದೆ, ಕತ್ತರಿಸಿ ಚಿಕ್ಕದು ಮಾಡಿದರೆ ಆಯಿತು ಎಂದು ನಾವು ಅಂದುಕೊಂಡೆವು. ಒಂದು ರಾತ್ರಿ ಕೂತು 1,800 ಪದವನ್ನು 400ಕ್ಕೆ ಇಳಿಸಿದೆವು. ಮರುದಿನ ನಮ್ಮಲ್ಲೊಬ್ಬರು ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ ಗಟ್ಟಿಯಾಗಿ ಓದಿದರು. ನಾಲ್ಕು ನಿಮಿಷ ಆಯಿತು. ಅದರಲ್ಲಿ ಒಬ್ಬರೂ ಮಾತಾಡಿರಲಿಲ್ಲ, ನೀರಿನ ಸದ್ದೂ ಇರಲಿಲ್ಲ. ವಾಹಿನಿಯ ಎಡಿಟರ್ ಅದನ್ನು ಕೇಳಿ, "ಇದು ರೇಡಿಯೋದಲ್ಲಿ ಪೇಪರ್ ಓದಿದ ಹಾಗಿದೆ" ಅಂದರು.

ಅಲ್ಲಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಹಳ್ಳಿ, ಬಾವಿ, ಜನ ಯಾರ ಹೆಸರನ್ನೂ ಹಾಕಿಲ್ಲ. ಕಾರಣ ಮುಂದೆ ಗೊತ್ತಾಗುತ್ತದೆ.

ಮೊದಲು ಲೆಕ್ಕ

ನಾವು ಮೂವರೂ ಒಂದೊಂದು ನಿಮಿಷ ಓದಿ ನೋಡಿದೆವು. ಕೇಳುವವರಿಗೆ ಅರ್ಥವಾಗುವ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಕನ್ನಡ ಪದ ಬಂತು. ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಸೆಕೆಂಡಿಗೆ ಮೂರು ಪದ ಎಂದು ಓದಿದ್ದೆವು, ಅದು ನಮಗೆ ಹೊಂದುವುದಿಲ್ಲ. ಇಂಗ್ಲಿಷಿನ ನಾಲ್ಕು ಪದ ಕನ್ನಡದಲ್ಲಿ ಒಂದೇ ಪದದೊಳಗೆ ಸೇರಿಕೊಂಡಿರುತ್ತದೆ. "ಹಾಕಿಸಿಕೊಂಡಿರಲಿಲ್ಲವಂತೆ" ಎಂಬ ಒಂದು ಪದ ಹೇಳಲು ಎಷ್ಟು ಹೊತ್ತು ಬೇಕು, ಹೇಳಿ ನೋಡಿ.

ಎರಡೂವರೆ ನಿಮಿಷ ಅಂದರೆ 150 ಸೆಕೆಂಡ್. ಅದರಲ್ಲಿ ನಾಲ್ಕು ಬೈಟ್‌ಗೆ 50 ಸೆಕೆಂಡ್ ಹೋಯಿತು. ನೀರು, ಕೊಡಪಾನ, ರಾಟೆಯ ಸದ್ದಿಗೆ 15 ಸೆಕೆಂಡ್ ಬಿಡಬೇಕು. ನಮ್ಮ ಧ್ವನಿಗೆ ಉಳಿಯುವುದು 85 ಸೆಕೆಂಡ್, ಹೆಚ್ಚೆಂದರೆ 140 ಪದ. ಅಂದರೆ ಲೇಖನದ ಹದಿಮೂರನೇ ಒಂದು ಪಾಲು. ಆಂಕರ್ ಹೇಳುವುದು ಇದರ ಹೊರಗೆ, ಅದಕ್ಕೆ 20 ಸೆಕೆಂಡ್.

ಈ ಲೆಕ್ಕ ಹಾಕಿದ ಮೇಲೆ ಲೇಖನವನ್ನು ಕತ್ತರಿಸುವ ಯೋಚನೆ ಬಿಟ್ಟೆವು. ಅದರ ಯಾವ ಭಾಗವನ್ನು ಯಾರು ಹೊರಬೇಕು ಎಂದು ನೋಡತೊಡಗಿದೆವು.

ಕಣ್ಣು, ಬಾಯಿ, ಕಾಗದ

ಲೇಖನದ ಪ್ರಿಂಟ್ ತೆಗೆದು ಪ್ರತಿ ಪ್ಯಾರಾದ ಪಕ್ಕ ಒಂದು ಗುರುತು ಹಾಕಿದೆವು. ತೋರಿಸಬಹುದಾದದ್ದಕ್ಕೆ "ಕಣ್ಣು". ಯಾರಾದರೂ ತಮ್ಮ ಬಾಯಲ್ಲೇ ಹೇಳಬೇಕಾದದ್ದಕ್ಕೆ "ಬಾಯಿ". ಎರಡೂ ಅಲ್ಲದ್ದಕ್ಕೆ "ಕಾಗದ", ಅಂದರೆ ಅದು ಓದುವವರಿಗೆ ಮಾತ್ರ.

ಹಲಗೆಗಳ ಸಂದಿನಲ್ಲಿ ನೀರು ಸೋರುವುದು, ಬಾವಿ, ಕೆಂಪಾದ ಗದ್ದೆ, ಇವೆಲ್ಲ ಕಣ್ಣು. "ಬೇಳೆ ಬೇಯುವುದಿಲ್ಲ" ಎನ್ನುವುದು ಬಾಯಿ. ಯಾವ ವರ್ಷ ಎಷ್ಟು ಕಿಂಡಿ ಅಣೆಕಟ್ಟು ಕಟ್ಟಿದರು, ಯಾವ ಯೋಜನೆಯಡಿ ಎಷ್ಟು ಹಣ ಬಂತು ಎಂಬ ನಾಲ್ಕು ಪ್ಯಾರಾ ಕಾಗದ. ಅದನ್ನು ಸಂಗ್ರಹಿಸಲು ನಾವು ಒಂದು ವಾರ ಕಚೇರಿ ಸುತ್ತಿದ್ದೆವು. ಬಿಡಲು ಹೊಟ್ಟೆ ಉರಿಯಿತು, ಬಿಟ್ಟೆವು.

ಅದಕ್ಕಿಂತ ಕಷ್ಟವಾದದ್ದು ಊರುಗಳನ್ನು ಬಿಡುವುದು. ಲೇಖನದಲ್ಲಿ ಮೂರು ಕಡೆಯ ಕತೆ ಇತ್ತು. ಕುಂದಾಪುರದ ಪಂಚಗಂಗಾವಳಿ ತೀರದ ಮನೆಗಳು, ಬೈಂದೂರು ಕಡೆಯ ಒಂದು ಬಯಲು, ಬ್ರಹ್ಮಾವರ ತಾಲ್ಲೂಕಿನ ಒಂದು ಕಿಂಡಿ ಅಣೆಕಟ್ಟು. ಪತ್ರಿಕೆಯಲ್ಲಿ ಒಂದು ಉಪಶೀರ್ಷಿಕೆ ಹಾಕಿದರೆ ಓದುಗ ಬೈಂದೂರಿಗೆ ಬಂದುಬಿಡುತ್ತಾನೆ. ಟಿವಿಯಲ್ಲಿ ಹಾಗಾಗುವುದಿಲ್ಲ. ಊರು ಬದಲಾದಾಗಲೆಲ್ಲ ಹೊಸ ಜಾಗ ತೋರಿಸಬೇಕು, ಅದರ ಹೆಸರು ಹೇಳಬೇಕು, ಹೊಸ ಮನುಷ್ಯರ ಪರಿಚಯ ಮಾಡಬೇಕು. ಒಂದು ಸಲ ಜಿಗಿಯಲು ಎಂಟು ಹತ್ತು ಸೆಕೆಂಡ್ ಹೋಗುತ್ತದೆ. ನೋಡುವವರ ಕಣ್ಣಿಗೆ ಮೂರು ಊರಿನ ಗದ್ದೆಯೂ ಒಂದೇ ಥರ ಕಾಣುತ್ತದೆ, ಯಾವುದು ಯಾವುದೆಂದು ತಿಳಿಯುವುದಿಲ್ಲ.

ಹಾಗಾಗಿ ಬ್ರಹ್ಮಾವರ ಕಡೆಯ ಒಂದೇ ಹಳ್ಳಿಯನ್ನು ಇಟ್ಟುಕೊಂಡೆವು. ಅಣೆಕಟ್ಟು, ಬಾವಿ, ಗದ್ದೆ ಮೂರೂ ಅಲ್ಲಿ ಒಂದು ಕಿಲೋಮೀಟರಿನೊಳಗೆ ಇದ್ದವು. ಬೈಂದೂರಿನ ರೈತರೊಬ್ಬರು ಲೇಖನಕ್ಕಾಗಿ ನಮ್ಮ ಜತೆ ಇಡೀ ದಿನ ತಿರುಗಿದ್ದರು. ಅವರಿಗೆ ಫೋನ್ ಮಾಡಿ, ಟಿವಿಯಲ್ಲಿ ನೀವು ಬರುವುದಿಲ್ಲ ಎಂದು ಹೇಳಬೇಕಾಯಿತು. "ಅಡ್ಡಿಲ್ಲ, ನೀರಿನ ಸುದ್ದಿ ಬಂದ್ರೆ ಸಾಕ್" ಅಂದರು. ಆದರೂ ನಮಗೆ ಬೇಜಾರಾಯಿತು.

"ಇದ್ ನಾ ಹೇಳದ್ದಾ?"

ಬೈಟ್ ವಿಷಯದಲ್ಲಿ ನಮಗೆ ನಿಜವಾದ ಪಾಠ ಆಯಿತು.

ಲೇಖನದಲ್ಲಿ ಆ ಹಳ್ಳಿಯ ಒಬ್ಬರು ಅಕ್ಕನ ಮಾತು ಉದ್ಧರಣ ಚಿಹ್ನೆಯೊಳಗೆ ಹೀಗೆ ಅಚ್ಚಾಗಿತ್ತು: "ಬೇಸಿಗೆಯಲ್ಲಿ ನಮ್ಮ ಬಾವಿಯ ನೀರು ಬಳಕೆಗೆ ಯೋಗ್ಯವಾಗಿರುವುದಿಲ್ಲ. ಇದರಿಂದ ತೀವ್ರ ಸಂಕಷ್ಟ ಎದುರಿಸುತ್ತಿದ್ದೇವೆ." ಇದನ್ನೇ ಕ್ಯಾಮೆರಾ ಎದುರು ಹೇಳಿಸಿದರೆ ಬೈಟ್ ಸಿಕ್ಕಿತು ಎಂದುಕೊಂಡು ಹೋದೆವು. ಅವರ ಎದುರು ಪೇಪರ್ ತೆರೆದು ಓದಿದೆವು.

ಅವರು ನಕ್ಕರು. "ಇದ್ ನಾ ಹೇಳದ್ದಾ? ಸಂಕಷ್ಟ ಅಂದ್ರೆ ಎಂತ ಮಾರಾಯ್ತಿ?"

ನಮ್ಮ ಹಳೆಯ ನೋಟ್‌ಬುಕ್ ತೆಗೆದು ನೋಡಿದೆವು. ಅದರಲ್ಲಿ ಇದ್ದದ್ದು "ಬಾವಿ ಉಪ್ಪು, ಬೇಳೆ ಬೇಯಲ್ಲ, ಬೇರೆ ಮನೆ ನೀರು" ಎಂಬ ಆರೇಳು ಪದ. ಅದರಿಂದ ಆ ಎರಡು ವಾಕ್ಯ ಕಟ್ಟಿದವರು ನಾವು. ಅರ್ಥ ತಪ್ಪಿರಲಿಲ್ಲ. ಆದರೆ ಆ ಚಿಹ್ನೆಯೊಳಗಿದ್ದ ಮಾತು ಅವರದ್ದಾಗಿರಲಿಲ್ಲ. ಪತ್ರಿಕೆಯಲ್ಲಿ ಇದು ಯಾರಿಗೂ ಗೊತ್ತಾಗದೆ ನಡೆದುಹೋಗುತ್ತದೆ. ಕ್ಯಾಮೆರಾ ಎದುರು ನಡೆಯುವುದಿಲ್ಲ.

ನಾವು ಪೇಪರ್ ಮಡಚಿಟ್ಟೆವು. ಏನು ಹೇಳಬೇಕು ಎಂದು ಹೇಳಿಕೊಡಲಿಲ್ಲ. "ಅಕ್ಕ, ಬೆಳಿಗ್ಗೆ ಎದ್ದು ನೀರಿಗೆ ಎಂತ ಮಾಡ್ತೀರಿ?" ಎಂದಷ್ಟೇ ಕೇಳಿದೆವು. ಅವರು ರಾಟೆಯಲ್ಲಿ ನೀರು ಸೇದುತ್ತಲೇ ಹೇಳಿದರು:

"ಬಾಮಿಯಲ್ ನೀರ್ ಇಲ್ಲ ಅಂದೇಳಿ ಅಲ್ಲ. ನೀರ್ ಬೇಕಷ್ಟ್ ಇತ್ತ್. ಕುಡೂಕ್ ಆತಿಲ್ಲ, ಅಷ್ಟೇ. ಬೇಳಿ ಹಾಕ್ರೆ ಬೇಯುದಿಲ್ಲ. ಬಾಮಿ ತುಂಬ ನೀರ್ ಇಟ್ಕಂಡ್ ಕೊಡಪಾನ ಹಿಡ್ಕಂಡ್ ಬೇರೆ ಮನೀಗ್ ಹೋಯ್ಕ್."

ಹದಿನಾಲ್ಕು ಸೆಕೆಂಡ್. ಬಾವಿಯಲ್ಲಿ ನೀರಿದೆ ಎಂಬುದು ನಮ್ಮ 1,800 ಪದದಲ್ಲಿ ಎಲ್ಲೂ ಇರಲಿಲ್ಲ. ನಾವು "ನೀರಿನ ಕೊರತೆ" ಎಂದೇ ಬರೆದಿದ್ದೆವು.

ಭಾಷೆಯ ಬಗ್ಗೆ ಒಂದು ಮಾತು. ಎಡಿಟರ್ ಮೊದಲು, "ಕುಂದಾಪ್ರ ಕನ್ನಡ ಬೇರೆ ಜಿಲ್ಲೆಯವರಿಗೆ ಅರ್ಥ ಆಗಲ್ಲ, ಸ್ವಲ್ಪ ಸರಿಯಾಗಿ ಮಾತಾಡಲು ಹೇಳಿ" ಅಂದಿದ್ದರು. ನಾವು ಒಪ್ಪಲಿಲ್ಲ. ಸರಿಯಾಗಿ ಮಾತಾಡಿ ಎಂದ ಕೂಡಲೇ ಜನ ಸೆಟೆದು ನಿಂತು ಭಾಷಣದ ಕನ್ನಡ ಶುರುಮಾಡುತ್ತಾರೆ. ಬೈಟ್ ಹಾಗೇ ಇಟ್ಟು ಕೆಳಗೆ ಒಂದು ಸಾಲು ಬರಹ ಕೊಟ್ಟೆವು. ಬ್ರಹ್ಮಾವರದ ಕಡೆ ತುಳು ಬೈಟ್ ಸಿಕ್ಕಿದರೂ ಅದನ್ನೇ ಮಾಡುತ್ತೇವೆ. ಆದರೆ ಬರಹ ಎರಡು ಸಾಲು ದಾಟಬಾರದು, ಫೋನಿನ ಪರದೆಯಲ್ಲಿ ಓದಿ ಮುಗಿಯುವುದಿಲ್ಲ.

ಡಿಸೆಂಬರ್‌ನ ದೃಶ್ಯ ಮಾರ್ಚ್‌ನಲ್ಲಿ ಎಲ್ಲಿ ಸಿಗುತ್ತದೆ?

ಕಿಂಡಿ ಅಣೆಕಟ್ಟಿನ ಕೆಲಸ ನಮ್ಮ ಕಡೆಯವರಿಗೆ ಗೊತ್ತು. ಮಳೆಗಾಲದಲ್ಲಿ ಕಿಂಡಿ ತೆರೆದಿರುತ್ತದೆ. ಮಳೆ ನಿಂತು ಹೊಳೆಯ ಹರಿವು ಇಳಿದ ಮೇಲೆ, ನವೆಂಬರ್ ಡಿಸೆಂಬರ್ ಹೊತ್ತಿಗೆ, ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬುತ್ತಾರೆ. ಮೇಲೆ ಸಿಹಿನೀರು ನಿಲ್ಲುತ್ತದೆ, ಕೆಳಗಿಂದ ಭರತದ ಜತೆ ಬರುವ ಉಪ್ಪುನೀರು ಅಲ್ಲೇ ತಡೆಯುತ್ತದೆ. ಮುಂದಿನ ಮಳೆಗೆ ಮೊದಲು ಹಲಗೆ ತೆಗೆಯುತ್ತಾರೆ.

ನಮ್ಮ ಲೇಖನದ ಮುಖ್ಯ ಮಾತು, ಆ ವರ್ಷ ಹಲಗೆ ತಡವಾಗಿ ಬಿತ್ತು ಎಂಬುದು. ಅದನ್ನು ಬರೆಯಲು ನಮಗೆ ಒಂದು ವಾಕ್ಯ ಸಾಕಾಗಿತ್ತು: "ಹಲಗೆ ಅಳವಡಿಸುವಲ್ಲಿ ವಿಳಂಬವಾಗಿದೆ ಎಂಬುದು ಸ್ಥಳೀಯರ ಆರೋಪ." ನಾವು ಶೂಟ್ ಮಾಡಲು ಹೋದದ್ದು ಮಾರ್ಚ್‌ನಲ್ಲಿ. ಆಗ ಹಲಗೆ ಎಲ್ಲ ಸರಿಯಾಗಿ ಕೂತಿತ್ತು. ಹಲಗೆ ತಡವಾಯಿತು ಎಂದು ಧ್ವನಿ ಹೇಳುವಾಗ ಪರದೆಯ ಮೇಲೆ ಹಲಗೆ ಕಂಡರೆ, ಜನ ನಂಬುವುದು ಕಣ್ಣನ್ನು.

ಜತೆಗಿದ್ದ ಕ್ಯಾಮೆರಾದವರು, "ಎರಡು ಹಲಗೆ ಎತ್ತಿಸಿ ಶಾಟ್ ತೆಗೆದು ಮತ್ತೆ ಹಾಕಿಸಿದರಾಯಿತು" ಅಂದರು. ಅದು ಸುಳ್ಳು ದೃಶ್ಯ. ಅಲ್ಲದೆ ಎತ್ತಿದ ಹಲಗೆ ಮೊದಲಿನ ಹಾಗೆ ಕೂರದಿದ್ದರೆ ಉಪ್ಪುನೀರು ಒಳಗೆ ಬಿಟ್ಟವರು ನಾವೇ ಆಗುತ್ತೇವೆ. ಬೇಡ ಅಂದೆವು.

ಎರಡನೇ ತೊಂದರೆ, "ಸ್ಥಳೀಯರ ಆರೋಪ" ಎಂದು ನಾವು ಬರೆದಿದ್ದ ಆ ಸ್ಥಳೀಯರು. ಲೇಖನಕ್ಕೆ ಮಾತಾಡಿದವರು ಕ್ಯಾಮೆರಾ ಕಂಡ ಕೂಡಲೇ ಹಿಂದೆ ಸರಿದರು. "ಪೇಪರಿಗೆ ಹೇಳದ್ ಹೌದ್. ಟಿವಿಯಲ್ ನನ್ ಮುಖ ಬಂದ್ರೆ ನಾಳೆ ಪಂಚಾಯ್ತಿಗೆ ಹೋಪುಕ್ ನಂಗೇ ಕಷ್ಟ" ಅಂದರು. ಒತ್ತಾಯ ಮಾಡುವ ಹಾಗಿರಲಿಲ್ಲ. ಆ ಊರಲ್ಲಿ ನಾಳೆಯೂ ಇರಬೇಕಾದವರು ಅವರು.

ಯಾರೂ ಹೇಳದ ಆರೋಪವನ್ನು ವಿಓ ಒಳಗೆ ಸೇರಿಸಿದರೆ ಅದು ನಮ್ಮ ಆರೋಪ ಆಗುತ್ತದೆ. ಹಾಗಾದರೆ ಆ ಮಾತೇ ಬಿಡಬೇಕೇ? ಒಂದು ಸಂಜೆ ಪೂರ್ತಿ ಮೂವರೂ ಇದರ ಮೇಲೆ ಜಗಳವಾಡಿದೆವು.

ದಾರಿ ಸಿಕ್ಕಿದ್ದು ಒಬ್ಬ ಕಾಲೇಜು ಹುಡುಗನ ಫೋನಿನಲ್ಲಿ. ಜನವರಿ ತಿಂಗಳಲ್ಲಿ ಅಣೆಕಟ್ಟಿನ ಮೇಲೆ ಗೆಳೆಯರ ಜತೆ ತೆಗೆದ ಫೋಟೊ. ಹಿಂದೆ ಕಿಂಡಿಗಳು ಖಾಲಿ ಇದ್ದವು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊದಲ್ಲಿ ತೆಗೆದ ದಿನದ ವಿವರ ಉಳಿಯುವುದಿಲ್ಲ. ಅದಕ್ಕೆ ಅವನ ಫೋನಿನಲ್ಲೇ ಮೂಲ ಫೋಟೊ ತೆರೆಸಿ ದಿನಾಂಕ ನೋಡಿದೆವು. ಅದೇ ದಿನ ತೆಗೆದ ಇನ್ನೆರಡು ಫೋಟೊ ಜತೆ ಹೋಲಿಸಿದೆವು. ಅವನ ಒಪ್ಪಿಗೆ ಪಡೆದು, ಗೆಳೆಯರ ಮುಖ ಇಲ್ಲದ ಭಾಗವನ್ನು ಮಾತ್ರ ತೆಗೆದುಕೊಂಡೆವು. ಪರದೆಯ ಮೇಲೆ "ಜನವರಿಯಲ್ಲಿ ತೆಗೆದ ಫೋಟೊ" ಎಂದು ಬರೆಸಿದೆವು. ಆರೋಪ ಹೋಗಿ, ಆ ಜಾಗದಲ್ಲಿ ಕಾಣುವ ಒಂದು ಸಂಗತಿ ಬಂತು.

ಬಿಡಬಾರದ ಒಂದು ಪ್ಯಾರಾ

ಲೇಖನದ ಕೊನೆಯ ಹೊತ್ತಿಗೆ ಒಂದು ಚಿಕ್ಕ ಪ್ಯಾರಾ ಇತ್ತು. ಅಣೆಕಟ್ಟಿನ ಮೇಲ್ಭಾಗದ ರೈತರಿಗೆ ಹಲಗೆ ಬೇಗ ಹಾಕುವುದು ಬೇಡ. ಕಾರ್ತಿ ಬೆಳೆ ಕೊಯ್ಲಾಗುವ ಮೊದಲು ನೀರು ನಿಂತು, ಮೇಲಿಂದ ಒಂದು ಮಳೆಯೂ ಬಿದ್ದರೆ ಅವರ ಗದ್ದೆ ಮುಳುಗುತ್ತದೆ. ಎರಡೂವರೆ ನಿಮಿಷದ ಭರಾಟೆಯಲ್ಲಿ ನಮ್ಮ ಮೊದಲ ಸ್ಕ್ರಿಪ್ಟಿನಿಂದ ಇದು ಬಿದ್ದುಹೋಗಿತ್ತು. ಅದನ್ನು ಬಿಟ್ಟರೆ ಕತೆ ಸಲೀಸು: ಅಧಿಕಾರಿ ನಿದ್ದೆ ಮಾಡಿದ, ಜನ ನರಳಿದರು. ಆದರೆ ಅದು ಅರ್ಧ ಸತ್ಯ.

ಸಂಬಂಧಪಟ್ಟ ಎಂಜಿನಿಯರ್ ಬಳಿ ಹೋಗಿ ಫೋಟೊ ತೋರಿಸಿ ಕೇಳಿದೆವು. ಅವರು ನಾಲ್ಕು ನಿಮಿಷ ಮಾತಾಡಿದರು, ಅದರಲ್ಲಿ ಹದಿನೈದು ಸೆಕೆಂಡ್ ಆರಿಸಬೇಕಿತ್ತು. "ಈ ಸಲ ತಡ ಆಗಿದ್ದು ಹೌದು" ಎಂಬ ಮಾತನ್ನು ಮಾತ್ರ ಕತ್ತರಿಸಿ ಇಟ್ಟರೆ ಜೋರಾಗಿರುತ್ತಿತ್ತು. ಅದರ ಹಿಂದಿನ ಕಾರಣವನ್ನೂ ಸೇರಿಸಿ ಇಟ್ಟೆವು. ಬೈಟ್ ಆರಿಸುವಾಗ ನಾವು ಈಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇವೆ: ಈ ತುಂಡನ್ನು ಅವರಿಗೇ ತೋರಿಸಿದರೆ, "ನಾನು ಹೇಳಿದ್ದು ಇದೇ" ಅನ್ನುತ್ತಾರೆಯೇ?

ಕಿವಿಗೆ ಬರೆಯುವುದು

ಲೇಖನದ ಒಂದು ವಾಕ್ಯ ಹೀಗಿತ್ತು: "ಭರತದ ವೇಳೆ ನದಿಯ ತಳಭಾಗದಲ್ಲಿ ಒಳನುಗ್ಗುವ, ಸಿಹಿನೀರಿಗಿಂತ ಹೆಚ್ಚು ಸಾಂದ್ರತೆಯುಳ್ಳ ಉಪ್ಪುನೀರು ತೀರದ ಬಾವಿಗಳ ಹಾಗೂ ಸುಗ್ಗಿ ಬೆಳೆಯ ಮೇಲೆ ಗಂಭೀರ ಪರಿಣಾಮ ಬೀರುತ್ತಿದೆ."

ಓದುವಾಗ ತೊಂದರೆ ಇಲ್ಲ. ಕೇಳುವಾಗ, ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಏನಾಯಿತು ಎಂದು ತಿಳಿಯಲು ಹತ್ತು ಸೆಕೆಂಡ್ ಕಾಯಬೇಕು. ಅಷ್ಟರಲ್ಲಿ ಮೊದಲಿನದ್ದು ಮರೆತಿರುತ್ತದೆ. ಓದುಗನಾದರೆ ಕಣ್ಣು ಹಿಂದೆ ಹಾಯಿಸುತ್ತಾನೆ, ಟಿವಿ ನೋಡುವವನಿಗೆ ಅದು ಆಗುವುದಿಲ್ಲ. ಅದಕ್ಕೆ ಒಂದು ವಾಕ್ಯಕ್ಕೆ ಒಂದು ಕ್ರಿಯಾಪದ, ಏಳೆಂಟು ಪದ ಎಂದು ಇಟ್ಟುಕೊಂಡೆವು. ಸಾಂದ್ರತೆಯ ವಿಷಯವನ್ನು ವಿಓದಿಂದ ತೆಗೆದು ಗದ್ದೆಯ ಯಜಮಾನರಿಗೇ ಬಿಟ್ಟೆವು. ಅವರು ನಮಗಿಂತ ಚೆನ್ನಾಗಿ ಹೇಳಿದರು.

ಇನ್ನೊಂದು ತಪ್ಪು ಎಲ್ಲಾ ಹೊಸಬರೂ ಮಾಡುತ್ತಾರೆ, ನಾವೂ ಮಾಡಿದೆವು. "ಬೇಳೆ ಬೇಯುವುದಿಲ್ಲ ಎನ್ನುತ್ತಾರೆ ಇಲ್ಲಿನ ಮಹಿಳೆಯರು" ಎಂದು ವಿಓದಲ್ಲಿ ಹೇಳಿ, ಮುಂದಿನ ಕ್ಷಣ ಅಕ್ಕ ಅದನ್ನೇ ಹೇಳುವುದು. ವಿಓ ಬೈಟ್‌ನ ಬಾಗಿಲವರೆಗೆ ಕರೆದುಕೊಂಡು ಹೋಗಿ ನಿಲ್ಲಬೇಕು. ಒಳಗೆ ಏನಿದೆ ಎಂದು ಹೇಳಬಾರದು.

ಅಂಕಿಯ ವಿಷಯದಲ್ಲೂ ಹಾಗೇ. ನೀರಿನಲ್ಲಿ ಕರಗಿದ ಲವಣಾಂಶ ಅಳೆಯುವ ಟಿಡಿಎಸ್ ಮೀಟರನ್ನು ಬಾವಿ ನೀರಿಗೆ ಅದ್ದಿ, ಅಂಕಿ ಏರುವುದನ್ನು ಹತ್ತಿರದಿಂದ ಶೂಟ್ ಮಾಡಿದೆವು. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಲೀಟರಿಗೆ 500 ಮಿಲಿಗ್ರಾಂ ಒಪ್ಪುವ ಮಟ್ಟ. ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ. ಲೇಖನದಲ್ಲಿ ಐದು ಬಾವಿಯ ಪಟ್ಟಿ ಇತ್ತು. ಪ್ಯಾಕೇಜಿನಲ್ಲಿ ಒಂದೇ ಅಂಕಿ ಹೇಳಿದೆವು, ಉಳಿದದ್ದನ್ನು ಮೀಟರ್ ತೋರಿಸಿತು.

ಆಂಕರ್ ಮಾತನ್ನು ಕೊನೆಗೆ ಬರೆದೆವು. ಮೊದಲು ಬರೆದಾಗ "ಕರಾವಳಿ ಎಂದರೆ ಮಳೆಯ ತವರು" ಎಂದು ಶುರುಮಾಡಿ, ಎಲ್ಲಾ ಕತೆಯನ್ನೂ ಅಲ್ಲೇ ಹೇಳಿ ಮುಗಿಸಿದ್ದೆವು. ಆಂಕರ್ ಬಳಿ ದೃಶ್ಯ ಇಲ್ಲ. ಹಾಗಾಗಿ ತೋರಿಸಲಾಗದ, ಆದರೆ ಬೇಕಾದ ಹಿನ್ನೆಲೆಯನ್ನು ಅವರಿಗೆ ಕೊಡಬೇಕು. "ಕಾಗದ" ಎಂದು ಗುರುತು ಹಾಕಿದ್ದರಲ್ಲಿ ಮಳೆಯ ಪ್ರಮಾಣ ಅಲ್ಲಿ ಉಪಯೋಗಕ್ಕೆ ಬಂತು.

ಕೊನೆಗೆ ಹೋದ ಸ್ಕ್ರಿಪ್ಟ್

ಆಂಕರ್ (20 ಸೆ.): ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೂ ಬೇಸಿಗೆಯಲ್ಲಿ ನದಿತೀರದ ಬಾವಿಗಳು ಉಪ್ಪಾಗುತ್ತವೆ. ಇದನ್ನು ತಡೆಯಲು ಕಿಂಡಿ ಅಣೆಕಟ್ಟುಗಳಿವೆ. ಅದರ ಹಲಗೆಯನ್ನು ಯಾವಾಗ ಹಾಕಬೇಕು? ಬ್ರಹ್ಮಾವರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಈಗ ಇದೇ ಪ್ರಶ್ನೆ.

ಸದ್ದು (5 ಸೆ.): ರಾಟೆಯ ಕಿರುಗುಟ್ಟು, ಕೊಡಪಾನ ನೀರಿಗೆ ಬೀಳುವುದು.

ವಿಓ 1 (15 ಸೆ.) – ಬಾವಿ, ಒಳಗಿನ ನೀರು, ಮೀಟರ್: ಈ ಬಾವಿ ಬತ್ತಿಲ್ಲ. ಆದರೆ ಇದರ ನೀರು ಅಡುಗೆಮನೆಗೆ ಹೋಗುವುದಿಲ್ಲ. ಬೇರೆ ನೀರೇ ಇಲ್ಲದಿದ್ದರೂ ಲವಣಾಂಶ 2,000 ದಾಟಬಾರದು. ಇಲ್ಲಿ ಮೀಟರ್ ಅದನ್ನೂ ದಾಟಿದೆ.

ಬೈಟ್ 1 (14 ಸೆ.): ಅಕ್ಕನ ಮಾತು, ಮೇಲೆ ಇದ್ದ ಹಾಗೆ.

ವಿಓ 2 (18 ಸೆ.) – ಹೊಳೆ, ಗದ್ದೆ, ಪೈರಿನ ತುದಿ: ಬಾವಿಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಹೊಳೆ. ದಿನಕ್ಕೆ ಎರಡು ಸಲ ಭರತ ಬರುತ್ತದೆ. ಅದರ ಜತೆ ಸಮುದ್ರದ ನೀರೂ ಬರುತ್ತದೆ. ಹೊಳೆ ಬದಿಯ ಈ ಗದ್ದೆಯಲ್ಲಿ ಸುಗ್ಗಿ ಭತ್ತ ನೆಟ್ಟಿದ್ದರು.

ಬೈಟ್ 2, ರೈತ (12 ಸೆ.): "ಉಪ್ಪ್ ನೀರ್ ಮೇಲಿಂದ ಬಪ್ಪುದಲ್ಲ, ಅಡಿಯಂಗ್ ಬಪ್ಪುದ್. ಮೇಲ್ ಕಾಂಬುಕ್ ಸಿಹಿ ನೀರೇ. ಗದ್ದಿಗ್ ಹೊಕ್ಕ್ ಮೇಲೇ ಗೊತ್ತಾಪುದ್, ಎಲಿ ತುದಿ ಒಣಗುಕ್ ಶುರು ಆತ್ತ್."

ವಿಓ 3 (20 ಸೆ.) – ಹಲಗೆ ಸಾಲು, ನಂತರ ಫೋಟೊ: ಉಪ್ಪುನೀರನ್ನು ತಡೆಯಬೇಕಾದದ್ದು ಈ ಹಲಗೆಗಳು. ಮಳೆ ನಿಂತ ಮೇಲೆ ಇವನ್ನು ಇಳಿಸುತ್ತಾರೆ. ಇದು ಜನವರಿಯಲ್ಲಿ ಊರಿನವರೊಬ್ಬರು ತೆಗೆದ ಫೋಟೊ. ಕಿಂಡಿಗಳು ಖಾಲಿ ಇವೆ. ಯಾಕೆ ಎಂದು ಎಂಜಿನಿಯರನ್ನು ಕೇಳಿದೆವು.

ಬೈಟ್ 3, ಎಂಜಿನಿಯರ್ (15 ಸೆ.): "ಬೇಗ ಹಾಕಿ, ನವೆಂಬರ್‌ನಲ್ಲಿ ಮತ್ತೆ ಮಳೆ ಬಂತು ಅಂದ್ರೆ ನೀರು ಮೇಲಿನ ಗದ್ದೆಗೆ ನುಗ್ಗುತ್ತೆ. ಅಲ್ಲಿ ಕೊಯ್ಲು ಆಗಿರಲ್ಲ. ಅವರೂ ನಮಗೇ ಫೋನ್ ಮಾಡ್ತಾರೆ. ಆದ್ರೆ ಈ ಸಲ ತಡ ಆಗಿದ್ದು ಹೌದು."

ವಿಓ 4 (18 ಸೆ.) – ಮೇಲ್ಭಾಗದ ಗದ್ದೆ, ಕೆಳಗಿನ ಮನೆಗಳು: ಮೇಲಿನವರಿಗೆ ಮೊದಲು ಕೊಯ್ಲು ಮುಗಿಯಬೇಕು. ಕೆಳಗಿನವರಿಗೆ ಉಪ್ಪು ಬರುವ ಮೊದಲು ಹಲಗೆ ಇಳಿಯಬೇಕು. ಎರಡೂ ಕಡೆಯವರು ಕೂತು ದಿನ ಗೊತ್ತುಮಾಡಬಹುದು. ಈ ವರ್ಷ ಅಂಥ ಸಭೆ ನಡೆದಿಲ್ಲ ಎಂದು ಎರಡೂ ಕಡೆಯವರು ಹೇಳಿದರು.

ಬೈಟ್ 4, ರೈತ (9 ಸೆ.): "ಹಲ್ಗಿ ಯಾವಾಗ್ ಹಾಕುದ್ ಅಂದ್ ಒಂದ್ ದಿನ ಮುಂಚೆ ಹೇಳ್ಲಿ. ನಾವೂ ಬಪ್ಪತ್, ಮಣ್ಣ್ ಹೊರುಕೆ."

ಸದ್ದು (8 ಸೆ.): ಹಲಗೆ ಸಂದಿನಲ್ಲಿ ಸೋರುವ ನೀರು. ಅದರ ಮೇಲೆ ವರದಿಗಾರರ ಹೆಸರು, ಊರು.

ಎಲ್ಲಾ ಕೂಡಿಸಿದರೆ 134 ಸೆಕೆಂಡ್. ಉಳಿದದ್ದು ಉಸಿರಾಡಲು ಮತ್ತು ಬೈಟ್‌ಗಳ ಆಚೀಚೆ ಒಂದೊಂದು ಕ್ಷಣ ಬಿಡಲು ಬೇಕಾಯಿತು. ಲೆಕ್ಕ ಪೂರ್ತಿ ತುಂಬಿಸಿ ಕೊಟ್ಟರೆ ಎಡಿಟಿಂಗ್ ಟೇಬಲ್ ಮೇಲೆ ಮೊದಲು ಹೋಗುವುದು ನೀರಿನ ಸದ್ದೇ.

ಪ್ರಸಾರವಾದ ದಿನ

ಎಲ್ಲವೂ ಸರಿಯಾಗಲಿಲ್ಲ. ಸ್ಟುಡಿಯೋದಲ್ಲಿ ಯಾರೋ ಆಂಕರ್ ಮಾತಿಗೆ "ಹನಿ ನೀರಿಗೂ ಪರದಾಟ" ಎಂಬ ಸಾಲು ಸೇರಿಸಿದ್ದರು. ಅದರ ಬೆನ್ನಿಗೇ ನಮ್ಮ ಪ್ಯಾಕೇಜ್ "ಈ ಬಾವಿ ಬತ್ತಿಲ್ಲ" ಎಂದು ಶುರುವಾಯಿತು. ತಪ್ಪು ಅವರೊಬ್ಬರದ್ದಲ್ಲ. ನಾವು ವಿಓ ಮತ್ತು ಆಂಕರ್ ಮಾತನ್ನು ಬೇರೆ ಬೇರೆ ಹಾಳೆಯಲ್ಲಿ ಕಳಿಸಿದ್ದೆವು, ಸೇರಿಸಿದವರಿಗೆ ನಮ್ಮ ಮೊದಲ ವಾಕ್ಯ ಕಂಡಿರಲಿಲ್ಲ. ಈಗ ಆಂಕರ್ ಹಾಳೆಯ ಕೆಳಗೇ "ಇದರ ನಂತರ ಬರುವ ಮೊದಲ ವಾಕ್ಯ" ಎಂದು ಬರೆದು ಕಳಿಸುತ್ತೇವೆ.

ರೈತರ ಬೈಟ್‌ನಲ್ಲಿ ಗಾಳಿಯ ಸದ್ದು ಜೋರಾಗಿತ್ತು. ಶೂಟ್ ಮಾಡುವಾಗ ನಮ್ಮಲ್ಲಿ ಯಾರೂ ಇಯರ್‌ಫೋನ್ ಹಾಕಿ ಕೇಳಿರಲಿಲ್ಲ. ಕಡಲತಡಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಬೆಳಿಗ್ಗೆಯೇ ಬೈಟ್ ತೆಗೆಯಬೇಕಿತ್ತು.

ಅಕ್ಕ ತಮ್ಮ ಮಗಳ ಫೋನಿನಲ್ಲಿ ನೋಡಿದರಂತೆ. ಮರುದಿನ ನಮಗೆ ಫೋನ್ ಬಂತು. "ಈ ಸಲ ನಾ ಹೇಳದ್ದೇ ಬಂದಿತ್ತ್" ಅಂದರು. ಸ್ವಲ್ಪ ತಡೆದು, "ನೀರ್ ಸೇದುವತ್ತಿಗೆ ತೆಗೂದ್ ಅಂದ್ ಮುಂಚೆ ಹೇಳ್ರೆ ಒಳ್ಳೆ ಸೀರಿ ಉಟ್ಕಂತಿದ್ದೆ" ಎಂದೂ ಸೇರಿಸಿದರು.

ಆ ಲೇಖನದ ಪ್ರಿಂಟ್ ಇನ್ನೂ ನಮ್ಮ ಬಳಿ ಇದೆ. ಅವರ ಹೆಸರಿನ ಎದುರಿದ್ದ ಉದ್ಧರಣ ಚಿಹ್ನೆಗಳ ಮೇಲೆ ನಾವೇ ಪೆನ್ನಿನಿಂದ ಗೀಟು ಹಾಕಿದ್ದೇವೆ. ಈಗ ಪತ್ರಿಕೆಗೆ ಬರೆಯಲು ಹೋದಾಗಲೂ ಕೇಳಿ ಒಪ್ಪಿಗೆ ಪಡೆದು ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಅವರು ಹೇಳಿದ ಹಾಗೇ ಬರೆಯಲು ಆಗದಿದ್ದರೆ ಆ ಚಿಹ್ನೆ ಹಾಕುವುದಿಲ್ಲ.